ಮಾತು ಕಡಿಮೆಯ ಅವ್ವನಿಗೆ ಮಗನ ನಾಲ್ಕು ಸಾಲು

ಮೇ ತಿಂಗಳ ಎರಡನೇ ಭಾನುವಾರ ಬೆಳಗಾಗುವಷ್ಟರಲ್ಲಿ ವಾಟ್ಸ್ಆ್ಯಪ್ ತುಂಬ ಗುಲಾಬಿ ಹೂವಿನ ಚಿತ್ರಗಳು, ಅಮ್ಮನೇ ದೇವರು ಎಂಬ ಸಾಲುಗಳು. ಈ ದಿನಾಚರಣೆಗೆ ಕಾರಣರಾದ ಅಮೆರಿಕದ ಆ್ಯನಾ ಜಾರ್ವಿಸ್‌ಗೆ ಇಂಥ ಸಿದ್ಧ ಶುಭಾಶಯಗಳನ್ನು ಕಂಡರೆ ಆಗುತ್ತಿರಲಿಲ್ಲ. ಅವರ ಪ್ರಯತ್ನದಿಂದ 1908ರ ಮೇ 10ರಂದು ವೆಸ್ಟ್ ವರ್ಜೀನಿಯಾದ ಗ್ರಾಫ್ಟನ್ ಊರಿನ ಚರ್ಚಿನಲ್ಲಿ ಮೊದಲ ಆಚರಣೆ ನಡೆಯಿತು. 1914ರಲ್ಲಿ ಅದಕ್ಕೆ ಸರ್ಕಾರದ ಮನ್ನಣೆಯೂ ಸಿಕ್ಕಿತು. ಆದರೆ ಅಚ್ಚಾದ ಕಾರ್ಡು ಕೊಂಡು ಕಳಿಸುವ ರೂಢಿ ಬೆಳೆದಾಗ ಅವರು ಅದನ್ನು ಬಹಿರಂಗವಾಗಿಯೇ ವಿರೋಧಿಸಿದರು. ಮಕ್ಕಳು ತಾವೇ ಕೈಯಾರೆ ಪತ್ರ ಬರೆಯಲಿ ಎಂಬುದು ಅವರ ಆಸೆಯಾಗಿತ್ತು.

ಮನಸ್ಸಿನದನ್ನು ಬಾಯಿಬಿಟ್ಟು ಹೇಳದ ತಾಯಿಯ ವಿಷಯದಲ್ಲಂತೂ ಈ ಆಸೆಗೆ ಹೆಚ್ಚು ಅರ್ಥವಿದೆ. ಅವಳ ಅಕ್ಕರೆಯೆಲ್ಲ ಕೆಲಸದಲ್ಲೇ ಇರುತ್ತದೆ. ‘ನೀನು ತ್ಯಾಗಮಯಿ’ ಎಂದು ಬರೆದರೆ ಅವಳಿಗೆ ಮುಜುಗರವಾಗುತ್ತದೆ. ಅವಳು ಮಾಡಿದ ಒಂದು ಕೆಲಸವನ್ನು ಹೆಸರಿಸಿ, ‘ನಾನದನ್ನು ನೋಡಿದ್ದೆ’ ಎಂದರೆ ಮಾತು ಸೀದಾ ತಲುಪುತ್ತದೆ. ಧಾರವಾಡದ ಕಡೆಯ ಮಗನೊಬ್ಬ ಬರೆಯಬಹುದಾದದ್ದು ಹೀಗಿದ್ದೀತು:

“ಅವ್ವಾ, ನಾ ಹಾಸ್ಟೆಲಿಗೆ ಹೊಂಟ ದಿನ ನೀ ಏನೂ ಮಾತಾಡಲಿಲ್ಲ. ಖಡಕ್ ರೊಟ್ಟಿ ಅರಿವ್ಯಾಗ ಕಟ್ಟಿ, ಶೇಂಗಾ ಚಟ್ನಿ ಡಬ್ಬಿ ಚೀಲದಾಗ ಇಟ್ಟಿ. ಬಸ್ಸು ತಿರುವು ದಾಟೋತನಕ ಅಲ್ಲೇ ನಿಂತಿದ್ದಿ. ನಾ ಹಿಂದಿನ ಕಿಟಕ್ಯಾಗಿಂದ ನೋಡಿದ್ದೆ. ಆವತ್ತು ಹೇಳಲಿಲ್ಲ, ಈಗ ಹೇಳಾಕತ್ತೀನಿ.”

ಇದರಲ್ಲಿ ಹೊಗಳಿಕೆಯ ಒಂದು ಪದವೂ ಇಲ್ಲ. ‘ನೀನು ಎಂದೂ ಪ್ರೀತಿ ತೋರಿಸಲಿಲ್ಲ, ಆದರೂ...’ ಎಂಬ ಧಾಟಿಯೂ ಇಲ್ಲ. ಎಷ್ಟು ಒಳ್ಳೆಯ ಮನಸ್ಸಿನಿಂದ ಬರೆದರೂ ಆ ‘ಆದರೂ’ ಅವಳಿಗೆ ದೂರಾಗಿಯೇ ಕೇಳಿಸುತ್ತದೆ. ಉತ್ತರ ಕೊಡು ಎಂಬ ಒತ್ತಾಯವೂ ಇಲ್ಲಿಲ್ಲ.

ಗಂಡುಮಕ್ಕಳು ಇಲ್ಲೇ ತಡೆಯುತ್ತಾರೆ: ಅವ್ವ ಏನಂದುಕೊಂಡಾಳೋ, ನಾಟಕ ಅನ್ನಿಸೀತೋ! ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ ಎಂಬ ಮನಶ್ಶಾಸ್ತ್ರಜ್ಞರು 2018ರಲ್ಲಿ ಪ್ರಕಟಿಸಿದ ಅಧ್ಯಯನ ಈ ಅಳುಕನ್ನೇ ಪರೀಕ್ಷಿಸಿತು. ಕೃತಜ್ಞತೆಯ ಪತ್ರ ಬರೆದವರು ಓದುವವರಿಗೆ ಆಗುವ ಮುಜುಗರವನ್ನು ಹೆಚ್ಚಾಗಿ, ಸಂತೋಷವನ್ನು ಕಡಿಮೆಯಾಗಿ ಅಂದಾಜಿಸಿದ್ದರು. ಚೆನ್ನಾಗಿ ಬರೆಯಲು ಬರುತ್ತದೋ ಇಲ್ಲವೋ ಎಂಬ ಚಿಂತೆ ಬರೆಯುವವರದ್ದು. ಓದಿದವರ ಮನಸ್ಸು ಹೋದದ್ದು ಅದರಲ್ಲಿದ್ದ ಅಕ್ಕರೆಯ ಕಡೆಗೆ.

ಎಲ್ಲಿಗೆ ಕಳಿಸುವುದು ಎಂಬುದೂ ಮುಖ್ಯ. ಮನೆಮಂದಿಯ ಗುಂಪಿನಲ್ಲಿ ಹಾಕಿದರೆ ಅತ್ತಿಗೆ, ಚಿಕ್ಕಪ್ಪ ಎಲ್ಲರ ಮುಂದೆ ಅವಳು ಸಂಕೋಚಪಡುತ್ತಾಳೆ. ಅವಳೊಬ್ಬಳ ಫೋನಿಗೇ ಕಳಿಸಬೇಕು. ಓದು ಬಾರದಿದ್ದರೆ ಒಬ್ಬಳೇ ಇರುವ ಹೊತ್ತು ನೋಡಿ ಫೋನು ಮಾಡಿ ಹೇಳಬೇಕು.

ಅವಳಿಂದ ಭಾವುಕ ಉತ್ತರ ಬರಲಿಕ್ಕಿಲ್ಲ. “ಉಂಡಿಯೇನು? ಯಾವಾಗ ಬರ್ತಿ?” ಎಂದಷ್ಟೇ ಬಂದೀತು. ಸಂದೇಶ ತಲುಪಲಿಲ್ಲವೆಂದು ಮಗ ಮತ್ತೆ ಕೆದಕಬಾರದು. “ನೋಡ್ತೀನಿ” ಎಂದು ತೇಲಿಸದೆ, ರಜೆ ಹಾಕಿ, ಬರುವ ದಿನವನ್ನೇ ಹೇಳಬೇಕು.