ಫ್ಲಾಟ್ ಕಟ್ಟುವಾಗಲೇ ಬಡ್ಡಿ ಶುರು: ಏನಿದು ಪ್ರೀ-ಇಎಂಐ?

ಬಾಶೆಟ್ಟಿಹಳ್ಳಿ: ಕಟ್ಟುತ್ತಿರುವ ಫ್ಲಾಟ್‌ಗೆ ಸಾಲ ಮಂಜೂರಾದರೂ ಬ್ಯಾಂಕ್ ಪೂರ್ತಿ ಹಣವನ್ನು ಒಂದೇ ಸಲ ಬಿಲ್ಡರ್‌ಗೆ ಕೊಡಲ್ಲ. ಕೆಲಸ ಮುಗಿದಂತೆ ಹಂತ ಹಂತವಾಗಿ ಕೊಡಬೇಕೆಂದು ಆರ್‌ಬಿಐ 2013ರಲ್ಲೇ ಹೇಳಿದೆ. ಹೀಗೆ ಬಿಡುಗಡೆಯಾದಷ್ಟು ಹಣಕ್ಕೆ ತಿಂಗಳು ತಿಂಗಳು ಕಟ್ಟುವ ಬಡ್ಡಿಯೇ ಪ್ರೀ-ಇಎಂಐ.

40 ಲಕ್ಷ ಸಾಲ, ಶೇ 9 ಬಡ್ಡಿ ಎಂದುಕೊಳ್ಳಿ. 10 ಲಕ್ಷ ಬಿಡುಗಡೆಯಾದರೆ ತಿಂಗಳಿಗೆ 7,500 ರೂಪಾಯಿ, 20 ಲಕ್ಷವಾದರೆ 15,000. ಅಲ್ಲಿಗೇ ಕೆಲಸ ಒಂದು ವರ್ಷ ನಿಂತರೆ 1.80 ಲಕ್ಷ ಬಡ್ಡಿಗೇ ಹೋಗುತ್ತೆ, ಅಸಲು ಒಂದು ರೂಪಾಯಿಯೂ ಇಳಿಯಲ್ಲ.

ಹಾಗಾಗಿ ಬಿಲ್ಡರ್ ಡಿಮ್ಯಾಂಡ್ ಲೆಟರ್ ಕಳಿಸಿದಾಗ ಆ ಹಂತ ನಿಜಕ್ಕೂ ಮುಗಿದಿದೆಯಾ ಎಂದು ಹೋಗಿ ನೋಡಿ, ಆಮೇಲೆ ಬ್ಯಾಂಕಿಗೆ ಒಪ್ಪಿಗೆ ಕೊಡಿ. ಒಪ್ಪಂದದ ದಿನಾಂಕ ದಾಟಿದರೆ, ಫ್ಲಾಟ್ ಉಳಿಸಿಕೊಂಡೇ ತಡವಾದ ಪ್ರತಿ ತಿಂಗಳಿಗೂ ಬಿಲ್ಡರ್‌ನಿಂದ ಬಡ್ಡಿ ಕೇಳಲು ರೇರಾ ಕಾಯ್ದೆಯ 18ನೇ ಸೆಕ್ಷನ್‌ನಲ್ಲಿ ಅವಕಾಶವಿದೆ. ಆದರೆ ಅಲ್ಲಿಯವರೆಗೆ ಬ್ಯಾಂಕಿನ ಬಡ್ಡಿ ಮಾತ್ರ ನಿಲ್ಲಲ್ಲ.