ಸಾಕ್ಷ್ಯ ಬಿಡಿ, ಅಧಿಕಾರ ಕೇಳಿ

ಹೀಗೊಂದು ಪ್ರಕರಣ ಎಂದಿಟ್ಟುಕೊಳ್ಳಿ. ತಾಲ್ಲೂಕು ಕೇಂದ್ರವೊಂದರಲ್ಲಿ ತಹಶೀಲ್ದಾರರು ನಿಷೇಧಾಜ್ಞೆ ಹೊರಡಿಸಿದ್ದಾರೆ. ಆದರೂ ಜನ ಸೇರುತ್ತಾರೆ, ನೂಕಾಟವಾಗುತ್ತದೆ, ಒಬ್ಬ ಕಾನ್‌ಸ್ಟೆಬಲ್ ಕೈಗೆ ಗಾಯವಾಗುತ್ತದೆ. ಸಬ್ ಇನ್ಸ್‌ಪೆಕ್ಟರ್ ಎರಡು ಅಪರಾಧ ಸೇರಿಸಿ ಚಾರ್ಜ್‌ಶೀಟ್ ಹಾಕುತ್ತಾರೆ: ಕರ್ತವ್ಯದಲ್ಲಿದ್ದ ಸರ್ಕಾರಿ ನೌಕರನಿಗೆ ಗಾಯ ಮಾಡಿದ್ದು (ಭಾರತೀಯ ನ್ಯಾಯ ಸಂಹಿತೆಯ ಕಲಂ 121) ಮತ್ತು ಅಧಿಕಾರಿಯ ಆದೇಶ ಮೀರಿದ್ದು (ಕಲಂ 223). ಮ್ಯಾಜಿಸ್ಟ್ರೇಟರು ಎರಡಕ್ಕೂ ಆರೋಪ ಹೊರಿಸುತ್ತಾರೆ.

ಆರೋಪಿಯ ಮನೆಯವರು ವಕೀಲರ ಮುಂದೆ ಕೂತಾಗ ಹೇಳುವುದು ಬಹುಮಟ್ಟಿಗೆ ಒಂದೇ. ‘ಆ ಹೊತ್ತಿಗೆ ಅವನು ಊರಲ್ಲೇ ಇರಲಿಲ್ಲ ಸರ್. ಸಾಕ್ಷಿಗಳೆಲ್ಲ ಪೊಲೀಸರೇ. ಗಾಯದ ಸರ್ಟಿಫಿಕೇಟ್ ಬೇರೆ ಹೇಳುತ್ತದೆ.’ ಎಲ್ಲವೂ ನಿಜವಿರಬಹುದು. ಆದರೆ ಇದನ್ನೇ ಬರೆದು ರಿವಿಷನ್ ಅರ್ಜಿ ಹಾಕಿದರೆ ಅದು ಬಿದ್ದುಹೋಗುವುದು ಹೆಚ್ಚುಕಡಿಮೆ ಖಚಿತ. ಆರೋಪ ಹೊರಿಸುವ ಹಂತದಲ್ಲಿ ಮ್ಯಾಜಿಸ್ಟ್ರೇಟರು ನೋಡಬೇಕಾದದ್ದು ಪೊಲೀಸರು ಕೊಟ್ಟ ದಾಖಲೆಗಳಿಂದ ಅಪರಾಧ ನಡೆದಿರಬಹುದು ಎಂಬ ಬಲವಾದ ಅನುಮಾನ ಹುಟ್ಟುತ್ತದೆಯೇ ಎಂದಷ್ಟೇ. ಆರೋಪಿ ತನ್ನ ಪರವಾಗಿ ತರುವ ದಾಖಲೆಗಳನ್ನು ಆಗ ಸಾಮಾನ್ಯವಾಗಿ ನೋಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2004ರ ದೇವೇಂದ್ರನಾಥ ಪಾಢಿ ತೀರ್ಪಿನಲ್ಲಿ ಹೇಳಿದೆ. ಮೇಲಿನ ಕೋರ್ಟೂ ಅದನ್ನು ತೂಗುವುದಿಲ್ಲ. ಯಾರ ಮಾತು ನಂಬಬೇಕು ಎನ್ನುವುದು ವಿಚಾರಣೆಯಲ್ಲಿ, ಪಾಟೀಸವಾಲಿನ ನಂತರ ತೀರ್ಮಾನವಾಗುವ ವಿಷಯ.

ಹಾಗಾದರೆ ರಿವಿಷನ್ ಯಾತಕ್ಕೆ? ಕೆಳಗಿನ ಕೋರ್ಟಿಗೆ ಆ ಆದೇಶ ಮಾಡುವ ಅಧಿಕಾರವೇ ಇತ್ತೇ, ಕಾನೂನು ಹಾಕಿದ ಷರತ್ತು ಪಾಲನೆಯಾಗಿತ್ತೇ ಎಂದು ಪರೀಕ್ಷಿಸಲು. 2012ರ ಅಮಿತ್ ಕಪೂರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿತು: ಕಣ್ಣಿಗೆ ಹೊಡೆಯುವಂಥ ಅಧಿಕಾರದ ಅಥವಾ ಕಾನೂನಿನ ದೋಷವಿದ್ದರೆ ಮಾತ್ರ ಕೈಹಾಕಬೇಕು.

ನಮ್ಮ ಪ್ರಕರಣದಲ್ಲಿ ಅಂಥ ದೋಷವಿದೆ. ಆದೇಶ ಮೀರಿದ ಅಪರಾಧವನ್ನು ಕೋರ್ಟು ವಿಚಾರಣೆಗೆ ಎತ್ತಿಕೊಳ್ಳಬೇಕಾದರೆ, ಆ ಆದೇಶ ಹೊರಡಿಸಿದ ಅಧಿಕಾರಿಯೋ ಅವರ ಮೇಲಧಿಕಾರಿಯೋ ಅವರಿಂದ ಅಧಿಕಾರ ಪಡೆದ ಬೇರೊಬ್ಬ ಸರ್ಕಾರಿ ನೌಕರರೋ ಲಿಖಿತ ದೂರು ಕೊಡಲೇಬೇಕು ಎನ್ನುತ್ತದೆ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 215. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದು ಕಲಂ 195 ಆಗಿತ್ತು. ಇಲ್ಲಿ ಆದೇಶ ತಹಶೀಲ್ದಾರರದ್ದು, ಕೋರ್ಟಿಗೆ ಬಂದದ್ದು ಸಬ್ ಇನ್ಸ್‌ಪೆಕ್ಟರ್ ಚಾರ್ಜ್‌ಶೀಟ್. ‘ಠಾಣೆಗೆ ತಹಶೀಲ್ದಾರರೇ ಪತ್ರ ಬರೆದಿದ್ದರಲ್ಲ’ ಎಂದು ಸರ್ಕಾರಿ ಅಭಿಯೋಜಕರು ವಾದಿಸಬಹುದು. ಆದರೆ ಕಾನೂನು ಕೇಳುವ ದೂರು ಮ್ಯಾಜಿಸ್ಟ್ರೇಟರಿಗೇ ಕೊಟ್ಟದ್ದು, ಠಾಣೆಗೆ ಬರೆದ ಪತ್ರವಲ್ಲ. ಈ ಷರತ್ತು ಮೀರಿದರೆ ಆ ಅಪರಾಧದ ಮಟ್ಟಿಗೆ ವಿಚಾರಣೆ ಬುಡದಿಂದಲೇ ಅಸಿಂಧು ಎಂದು 1962ರ ದೌಲತ್ ರಾಮ್ ತೀರ್ಪಿನಿಂದ 2010ರ ಮುನಿಯಪ್ಪನ್ ತೀರ್ಪಿನವರೆಗೆ ಸುಪ್ರೀಂ ಕೋರ್ಟ್ ಹೇಳಿಕೊಂಡು ಬಂದಿದೆ.

ಗಮನಿಸಿ, ಇದನ್ನು ತೀರ್ಮಾನಿಸಲು ಒಬ್ಬ ಸಾಕ್ಷಿಯ ಹೇಳಿಕೆಯನ್ನೂ ತೂಗಬೇಕಿಲ್ಲ. ಆರ್ಡರ್ ಶೀಟ್, ಚಾರ್ಜ್‌ಶೀಟ್, ಕಾನೂನಿನ ಪುಸ್ತಕ, ಮೂರೇ ಸಾಕು. ನಿಮ್ಮ ತಕರಾರು ಅಧಿಕಾರದ್ದೋ ಸಾಕ್ಷ್ಯದ್ದೋ ಎಂದು ತಿಳಿಯಲು ನಾನು ನಂಬುವ ಪರೀಕ್ಷೆ ಇದೇ: ಆರೋಪದಲ್ಲಿ ಹೇಳಿದ್ದೆಲ್ಲ ನಿಜ ಎಂದು ಒಪ್ಪಿಕೊಂಡ ಮೇಲೂ ವಾದ ನಿಲ್ಲಬೇಕು. ಊರಲ್ಲಿರಲಿಲ್ಲ ಎಂಬ ವಾದ ಹಾಗೆ ನಿಲ್ಲುವುದಿಲ್ಲ. ತಹಶೀಲ್ದಾರರ ದೂರಿಲ್ಲ ಎಂಬುದು ನಿಲ್ಲುತ್ತದೆ. ಆದ್ದರಿಂದ ಅರ್ಜಿಯ ಮೊದಲ ಆಧಾರವೇ ಅದಾಗಿರಬೇಕು. ಸರ್ಟಿಫಿಕೇಟಿನ ಲೋಪಗಳನ್ನು ಹತ್ತು ಪುಟ ಬರೆದು ಇದನ್ನು ಕೊನೆಗೆ ತುರುಕಿದರೆ ನ್ಯಾಯಾಧೀಶರ ಕಣ್ಣಿಗೆ ಇಡೀ ಅರ್ಜಿ ಸಾಕ್ಷ್ಯದ ಮರುತೂಕದಂತೆ ಕಾಣುತ್ತದೆ. ಈ ಅಂಶವನ್ನು ಡಿಸ್ಚಾರ್ಜ್ ಅರ್ಜಿಯಲ್ಲೇ ಎತ್ತಿದ್ದರೆ ಇನ್ನೂ ಒಳ್ಳೆಯದು. ಹೊಸ ಸಂಹಿತೆಯಲ್ಲಿ ಆ ಅರ್ಜಿಗೆ ದಾಖಲೆಗಳ ಪ್ರತಿ ಸಿಕ್ಕ 60 ದಿನಗಳ ಗಡುವಿದೆ.

ಮಧ್ಯಂತರ ಆದೇಶಗಳ ವಿರುದ್ಧ ರಿವಿಷನ್ ಇಲ್ಲವಲ್ಲ ಎಂಬ ಆಕ್ಷೇಪ ಬಂದೇ ಬರುತ್ತದೆ. ಆರೋಪ ಹೊರಿಸುವುದು ಆ ಬಗೆಯ ಆದೇಶವಲ್ಲ ಎಂದು 2018ರ ಏಷ್ಯನ್ ರೀಸರ್ಫೇಸಿಂಗ್ ತೀರ್ಪು ಸ್ಪಷ್ಟಪಡಿಸಿದೆ. ಆದರೆ ಹಸ್ತಕ್ಷೇಪ ಅಪರೂಪವಾಗಿರಬೇಕು ಎಂದೂ ಅದು ಎಚ್ಚರಿಸಿದೆ. ಅರ್ಜಿಗೆ 90 ದಿನಗಳ ಅವಧಿ. ಸೆಷನ್ಸ್ ಕೋರ್ಟಿಗಾದರೂ ಹೋಗಬಹುದು, ಹೈಕೋರ್ಟಿಗಾದರೂ ಹೋಗಬಹುದು. ಒಂದು ಕಡೆ ಹೋದವರು ಅದೇ ರಿವಿಷನ್ನನ್ನು ಇನ್ನೊಂದು ಕಡೆ ಹಾಕುವಂತಿಲ್ಲ. ಅರ್ಜಿ ಹಾಕಿದ ಮಾತ್ರಕ್ಕೆ ವಿಚಾರಣೆ ನಿಲ್ಲುವುದೂ ಇಲ್ಲ, ತಡೆಯಾಜ್ಞೆಯನ್ನು ಬೇರೆಯೇ ಕೇಳಬೇಕು.

ಅರ್ಜಿ ಗೆದ್ದರೂ ಪ್ರಕರಣ ಪೂರ್ತಿ ಮುಗಿಯಿತೆಂದು ಆರೋಪಿಗೆ ಭರವಸೆ ಕೊಡುವುದು ತಪ್ಪಾಗುತ್ತದೆ. ಬಿದ್ದುಹೋಗುವುದು ಆದೇಶ ಮೀರಿದ ಆರೋಪ. ಗಾಯದ ಆರೋಪಕ್ಕೆ ಅಂಥ ಷರತ್ತಿಲ್ಲ. ಎರಡೂ ಬಿಡಿಸಲಾಗದಂತೆ ಬೆರೆತಿವೆ ಎಂದು ತೋರಿಸದ ಹೊರತು ಅದು ಉಳಿದು, ಕಾನ್‌ಸ್ಟೆಬಲ್ ಕಟಕಟೆ ಹತ್ತಿ ಸಾಕ್ಷಿ ಹೇಳುತ್ತಾರೆ. ತಹಶೀಲ್ದಾರರಿಗೂ ದಾರಿ ಮುಚ್ಚಿರುವುದಿಲ್ಲ. ಆರು ತಿಂಗಳ ಶಿಕ್ಷೆಯ ಈ ಅಪರಾಧಕ್ಕೆ ಕಾಲಮಿತಿ 1 ವರ್ಷ. ಅಷ್ಟರೊಳಗೆ ಅವರು ಸ್ವತಃ ಮ್ಯಾಜಿಸ್ಟ್ರೇಟರಿಗೆ ಲಿಖಿತ ದೂರು ಕೊಡಬಹುದು.