ಹತ್ತು ಸಾವಿರ ಪಿನ್ನುಗಳಲ್ಲಿ ಕೆಟ್ಟವೆಷ್ಟು?

ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಪರೀಕ್ಷೆಗೆ ಓದುವವರಿಗೆ ಒಂದು ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಎದುರಾಗುತ್ತದೆ. ಯೋಜನೆಗೆ 10,000 ಬಿಡಿಭಾಗ ಬೇಕು, ತಯಾರಿಕೆಯ ಗುಣಮಟ್ಟ ಮೂರು ಸಿಗ್ಮಾ, ಹಾಗಾದರೆ ಕೆಟ್ಟವು ಎಷ್ಟು? ಉತ್ತರ 27. ಗುಣಮಟ್ಟ ಆರು ಸಿಗ್ಮಾ ಆದರೆ ಹತ್ತು ಲಕ್ಷದಲ್ಲಿ ಎಷ್ಟು? ಉತ್ತರ 3.4. ಎರಡನ್ನೂ ಬಾಯಿಪಾಠ ಮಾಡಿಕೊಂಡವರಿಗೆ ಅಂಕ ಸಿಗುತ್ತದೆ. ಆದರೆ ಈ ಎರಡು ಉತ್ತರ ಒಂದೇ ಲೆಕ್ಕದಿಂದ ಬಂದವಲ್ಲ. ಮೊದಲ ಲೆಕ್ಕವನ್ನೇ ಆರು ಸಿಗ್ಮಾಗೆ ಹಾಕಿದರೆ ನೂರು ಕೋಟಿಯಲ್ಲಿ ಸುಮಾರು ಎರಡು ಕೆಟ್ಟವು ಸಿಗುತ್ತವೆ. ಎರಡನೆಯ ಲೆಕ್ಕವನ್ನು ಮೂರು ಸಿಗ್ಮಾಗೆ ಹಾಕಿದರೆ ಹತ್ತು ಸಾವಿರದಲ್ಲಿ ಕೆಟ್ಟವು 27 ಅಲ್ಲ, 668. ಸರಕು ತರಿಸಿಕೊಳ್ಳುವವರಿಗೆ ಇದು ಸಣ್ಣ ವ್ಯತ್ಯಾಸವಲ್ಲ.

ಇದರ ಕಾರಣ ತಿಳಿಯಲು ಪೀಣ್ಯದಂಥ ಕೈಗಾರಿಕಾ ಪ್ರದೇಶದ ಒಂದು ಚಿಕ್ಕ ವರ್ಕ್‌ಶಾಪನ್ನು ಊಹಿಸಿಕೊಳ್ಳೋಣ. ಅಲ್ಲಿನ ಸಿಎನ್‌ಸಿ ಲೇತಿನಲ್ಲಿ ಉಕ್ಕಿನ ಪಿನ್ ತಯಾರಾಗುತ್ತಿದೆ. ನಕ್ಷೆಯಲ್ಲಿ ಬರೆದಿರುವ ವ್ಯಾಸ 20 ಮಿಲಿಮೀಟರ್, ಟಾಲರೆನ್ಸ್ ಆಚೀಚೆ 0.06. ಅಂದರೆ 19.94ರಿಂದ 20.06ರವರೆಗಿನ ಪಿನ್ ಪಾಸು, ಅದರಾಚೆಗಿನದು ರಿಜೆಕ್ಟ್. ಎಂಥ ಒಳ್ಳೆಯ ಯಂತ್ರವಾದರೂ ಎಲ್ಲ ಪಿನ್ನನ್ನೂ ಒಂದೇ ಅಳತೆಗೆ ಕೊಡುವುದಿಲ್ಲ. ಅಳೆಯುತ್ತಾ ಹೋದರೆ ಹೆಚ್ಚಿನವು 20ರ ಸುತ್ತಮುತ್ತ ಸೇರಿಕೊಂಡಿರುತ್ತವೆ, ದೂರ ಹೋದಂತೆ ವಿರಳವಾಗುತ್ತವೆ. ಸರಾಸರಿಯಿಂದ ಅಳತೆಗಳು ಎಷ್ಟು ಚದುರಿವೆ ಎಂಬುದನ್ನು ಹೇಳುವ ಸಂಖ್ಯೆಯೇ ಮಾನಕ ವಿಚಲನೆ, ಅದರ ಗುರುತು ಸಿಗ್ಮಾ. ನಮ್ಮ ಲೇತಿನ ಸಿಗ್ಮಾ 0.02 ಮಿಲಿಮೀಟರ್ ಎಂದಿಟ್ಟುಕೊಳ್ಳೋಣ.

ಈಗ ಮಧ್ಯದಿಂದ ಟಾಲರೆನ್ಸ್ ಗಡಿಯವರೆಗಿನ 0.06ರಲ್ಲಿ ಇಂಥ ಸಿಗ್ಮಾ ಎಷ್ಟು ಹಿಡಿಸುತ್ತವೆ? ಮೂರು. ಮೂರು ಸಿಗ್ಮಾ ಗುಣಮಟ್ಟ ಎಂದರೆ ಇದು. ಅಳತೆಗಳ ಚದುರುವಿಕೆ ಗಂಟೆಯಾಕಾರದ ವಕ್ರರೇಖೆಯಂತೆ ಇದ್ದರೆ ಶೇಕಡಾ 99.73ರಷ್ಟು ಪಿನ್‌ಗಳು ಗಡಿಯೊಳಗೆ ಉಳಿಯುತ್ತವೆ. ಉಳಿದ 0.27 ಎಂದರೆ ಹತ್ತು ಸಾವಿರಕ್ಕೆ 27. ಪರೀಕ್ಷೆಯ ಉತ್ತರ ಬಂದದ್ದು ಇಲ್ಲಿಂದ. ಆದರೆ ಇದಕ್ಕೊಂದು ಷರತ್ತಿದೆ. ಸರಾಸರಿ ಸರಿಯಾಗಿ 20ರ ಮೇಲೆಯೇ ಕೂತಿರಬೇಕು, ಕೊನೆಯ ಪಿನ್ನಿನವರೆಗೂ ಕದಲಬಾರದು.

ಲೇತಿನ ಮುಂದೆ ನಿಂತವರಿಗೆ ಗೊತ್ತು, ಅದು ಕದಲುತ್ತದೆ. ಉಕ್ಕನ್ನು ಕತ್ತರಿಸುತ್ತಾ ಕತ್ತರಿಸುತ್ತಾ ಇನ್ಸರ್ಟಿನ ಮೊನೆ ಸವೆಯುತ್ತದೆ. ಸವೆದ ಮೊನೆ ಸ್ವಲ್ಪ ಕಡಿಮೆ ಲೋಹ ತೆಗೆಯುತ್ತದೆ, ಪಿನ್ ಸ್ವಲ್ಪ ದಪ್ಪವಾಗುತ್ತದೆ. ಬೆಳಿಗ್ಗೆ ತಣ್ಣಗಿದ್ದ ಯಂತ್ರ ಮಧ್ಯಾಹ್ನದ ಹೊತ್ತಿಗೆ ಕಾದಿರುತ್ತದೆ, ಹೊಸ ಲಾಟಿನ ಉಕ್ಕು ತುಸು ಗಡುಸಾಗಿರುತ್ತದೆ. ಹೀಗೆ ಸರಾಸರಿ 20.00ರಿಂದ 20.03ಕ್ಕೆ ಸರಿಯಿತು ಎನ್ನೋಣ. ಚದುರುವಿಕೆ ಮಾತ್ರ ಮೊದಲಿನಷ್ಟೇ ಇದೆ. ಈಗ ಮೇಲಿನ ಗಡಿ ಸರಾಸರಿಯಿಂದ ಬರೀ 0.03 ದೂರದಲ್ಲಿದೆ, ಅಂದರೆ ಒಂದೂವರೆ ಸಿಗ್ಮಾ. ಅದನ್ನು ದಾಟುವ ಪಿನ್‌ಗಳು ಶೇಕಡಾ 6.68. ಹತ್ತು ಸಾವಿರಕ್ಕೆ 668. ಯಂತ್ರ ಅದೇ, ಸಿಗ್ಮಾ ಅದೇ, ಆದರೆ ರಿಜೆಕ್ಷನ್ ಸುಮಾರು ಇಪ್ಪತ್ತೈದು ಪಟ್ಟು ಏರಿತು. ಸರಿದದ್ದು ಒಂದು ಮಿಲಿಮೀಟರಿನ ನೂರರಲ್ಲಿ ಮೂರು ಭಾಗವಷ್ಟೇ.

1980ರ ದಶಕದಲ್ಲಿ ಮೊಟೊರೊಲಾ ಕಂಪನಿಯ ಇಂಜಿನಿಯರ್ ಬಿಲ್ ಸ್ಮಿತ್ ಸಿಕ್ಸ್ ಸಿಗ್ಮಾ ಪದ್ಧತಿಯನ್ನು ರೂಪಿಸಿದಾಗ ಲೆಕ್ಕಕ್ಕೆ ತೆಗೆದುಕೊಂಡದ್ದು ಇದೇ ಸರಿತವನ್ನು. ಕಾಲ ಕಳೆದಂತೆ ಸರಾಸರಿ ಒಂದೂವರೆ ಸಿಗ್ಮಾದಷ್ಟು ಅತ್ತಿತ್ತ ಹೋಗಬಹುದು, ಹೋದರೂ ಸರಕು ಕೆಡಬಾರದು ಎಂಬುದು ಅಲ್ಲಿನ ಯೋಚನೆ. ಅದಕ್ಕೇ ಗಡಿಯನ್ನು ಮಧ್ಯದಿಂದ ಆರು ಸಿಗ್ಮಾ ದೂರದಲ್ಲಿಡಬೇಕೆಂದರು. ಒಂದೂವರೆ ಕಳೆದುಹೋದರೂ ಕೈಯಲ್ಲಿ ನಾಲ್ಕೂವರೆ ಉಳಿಯುತ್ತದೆ. ನಾಲ್ಕೂವರೆ ಸಿಗ್ಮಾದಾಚೆ ಒಂದು ಬದಿಗೆ ಬೀಳುವುದು ಹತ್ತು ಲಕ್ಷಕ್ಕೆ 3.4. ಆ ಪ್ರಸಿದ್ಧ ಸಂಖ್ಯೆಯ ಮೂಲ ಇದು. ಹಾಗಾಗಿ ಮೂರು ಸಿಗ್ಮಾಗೆ 27 ಎಂದೂ ಆರು ಸಿಗ್ಮಾಗೆ 3.4 ಎಂದೂ ಒಂದೇ ಕೋಷ್ಟಕದಲ್ಲಿ ಬರೆಯುವ ಪುಸ್ತಕಗಳು ಮೊದಲನೆಯದರಲ್ಲಿ ಸರಿತವನ್ನು ಬಿಟ್ಟು, ಎರಡನೆಯದರಲ್ಲಿ ಸೇರಿಸಿಕೊಂಡಿರುತ್ತವೆ. ಪ್ರಶ್ನೆಯಲ್ಲಿ 99.73 ಎಂದು ಕಂಡರೆ ಸರಿತವಿಲ್ಲದ ಲೆಕ್ಕ, 66,807 ಅಥವಾ 3.4 ಕಂಡರೆ ಸರಿತವಿರುವ ಲೆಕ್ಕ ಎಂದು ಗುರುತಿಸಿಕೊಳ್ಳಬಹುದು.

ವರ್ಕ್‌ಶಾಪಿನವರು ಸಿಗ್ಮಾ ಮಟ್ಟಕ್ಕಿಂತ ಹೆಚ್ಚಾಗಿ ಮಾತಾಡುವುದು ಸಿಪಿ ಮತ್ತು ಸಿಪಿಕೆ ಬಗ್ಗೆ. ನನ್ನ ಅಭಿಪ್ರಾಯದಲ್ಲಿ ಅದೇ ಹೆಚ್ಚು ಪ್ರಾಮಾಣಿಕ ಭಾಷೆ, ಯಾಕೆಂದರೆ ಅಲ್ಲಿ ಸರಿತ ಬಚ್ಚಿಟ್ಟುಕೊಳ್ಳುವುದಿಲ್ಲ. ಟಾಲರೆನ್ಸಿನ ಪೂರ್ತಿ ಅಗಲವನ್ನು ಆರು ಸಿಗ್ಮಾದಿಂದ ಭಾಗಿಸಿದರೆ ಸಿಪಿ. ನಮ್ಮ ಪಿನ್ನಿಗೆ 0.12 ಭಾಗಿಸು 0.12, ಅಂದರೆ 1. ಸರಾಸರಿ ಎಲ್ಲಿದೆ ಎಂಬುದನ್ನು ಸಿಪಿ ಕೇಳುವುದೇ ಇಲ್ಲ. ಸಿಪಿಕೆ ಕೇಳುತ್ತದೆ. ಸರಾಸರಿಯಿಂದ ಹತ್ತಿರದ ಗಡಿಗಿರುವ ದೂರವನ್ನು ಮೂರು ಸಿಗ್ಮಾದಿಂದ ಭಾಗಿಸಬೇಕು. ಸರಾಸರಿ 20.03ಕ್ಕೆ ಹೋದಾಗ 0.03 ಭಾಗಿಸು 0.06, ಅಂದರೆ 0.5. ಸಿಪಿ 1 ಇದ್ದು ಸಿಪಿಕೆ 0.5 ಇದ್ದರೆ ಹೊಸ ಯಂತ್ರ ಕೊಳ್ಳುವ ಮಾತು ಬೇಕಿಲ್ಲ. ಮೊದಲು ಆಫ್‌ಸೆಟ್ ಸರಿಪಡಿಸಿ ಸರಾಸರಿಯನ್ನು ಮಧ್ಯಕ್ಕೆ ತಂದರೆ 668 ಮತ್ತೆ 27ಕ್ಕೆ ಇಳಿಯುತ್ತದೆ. ಸಿಪಿಯೇ 1ರ ಆಸುಪಾಸಿನಲ್ಲಿದ್ದರೆ ಆಫ್‌ಸೆಟ್ ತಿದ್ದಿ 27ಕ್ಕಿಂತ ಕೆಳಗಿಳಿಯಲಾಗದು. ಆಗ ಚದುರುವಿಕೆಯನ್ನೇ ಕಡಿಮೆ ಮಾಡಬೇಕು, ಅದು ಖರ್ಚಿನ ಬಾಬ್ತು.

ಖರ್ಚು ಮಾಡಿ ಸಿಗ್ಮಾವನ್ನು 0.01ಕ್ಕೆ ಇಳಿಸಿದೆವು ಎನ್ನೋಣ. ಸಿಪಿ 2 ಆಯಿತು, ಗಡಿ ಆರು ಸಿಗ್ಮಾ ದೂರಕ್ಕೆ ಹೋಯಿತು. ಪುಸ್ತಕದ ಪ್ರಕಾರ ಒಂದೂವರೆ ಸಿಗ್ಮಾ ಸರಿದರೂ ಸಿಪಿಕೆ 1.5 ಇರುತ್ತದೆ. ಆದರೆ ಇನ್ಸರ್ಟ್ ಸವೆಯುವುದು ಮಿಲಿಮೀಟರ್ ಲೆಕ್ಕದಲ್ಲಿ, ಸಿಗ್ಮಾ ಲೆಕ್ಕದಲ್ಲಲ್ಲ. ಸರಾಸರಿ ಮೊದಲಿನಂತೆ 0.03 ಸರಿದರೆ ಈಗ ಅದು ಮೂರು ಸಿಗ್ಮಾ. ಉಳಿಯುವುದೂ ಮೂರೇ. ಹತ್ತು ಲಕ್ಷಕ್ಕೆ 3.4ರ ಬದಲು 1,350 ಕೆಡುತ್ತವೆ. ಒಂದೂವರೆ ಎಂಬುದು ಅನುಭವದಿಂದ ಇಟ್ಟುಕೊಂಡ ಅಂದಾಜು, ನಿಸರ್ಗದ ನಿಯಮವಲ್ಲ. ಪ್ರತಿ ಗಂಟೆಗೆ ನಾಲ್ಕೈದು ಪಿನ್ ಅಳೆದು ಅವುಗಳ ಸರಾಸರಿಯನ್ನು ಕಂಟ್ರೋಲ್ ಚಾರ್ಟಿನಲ್ಲಿ ಗುರುತಿಸುತ್ತಾ ಬಂದರೆ ಚುಕ್ಕಿಗಳು ಒಂದೇ ಸಮ ಮೇಲೇರುವುದು ಕಣ್ಣಿಗೆ ಬೀಳುತ್ತದೆ, ರಿಜೆಕ್ಟ್ ಬರುವ ಮೊದಲೇ ಇನ್ಸರ್ಟ್ ಬದಲಿಸಬಹುದು.

ಸಪ್ಲೈಯರ್ ಕೊಟ್ಟ ವರದಿಯಲ್ಲಿ ಸಿಪಿಕೆ 1.33 ಎಂದಿದ್ದರೆ ಸಾಮಾನ್ಯವಾಗಿ ಒಪ್ಪಿಕೊಳ್ಳುತ್ತಾರೆ. ನಾನಾದರೆ ಇನ್ನೆರಡು ವಿಷಯ ಕೇಳುತ್ತೇನೆ. ಮೊದಲನೆಯದು, ಅಳೆದದ್ದು ಯಾವುದರಿಂದ? 0.01ರವರೆಗೆ ಮಾತ್ರ ಓದಬಲ್ಲ ಮೈಕ್ರೋಮೀಟರಿನಲ್ಲಿ 0.01ರ ಸಿಗ್ಮಾವನ್ನು ನಂಬುವಂತೆ ಅಳೆಯಲಾಗದು. ಅರ್ಧಕ್ಕರ್ಧ ಪಿನ್‌ಗಳ ಅಳತೆ ಒಂದೆರಡು ಗೆರೆಯಲ್ಲೇ ಮುಗಿದುಹೋಗುತ್ತದೆ. ಎರಡನೆಯದು, ಎಷ್ಟು ಪಿನ್ ಅಳೆದರು, ಎಷ್ಟು ಹೊತ್ತಿನಲ್ಲಿ? ಮೂವತ್ತು ಪಿನ್‌ಗಳಿಂದ ಸಿಪಿ 1.33 ಎಂದು ಲೆಕ್ಕ ಹಾಕಿದ್ದರೆ ಅದರ ನಿಜವಾದ ಮೌಲ್ಯ ಸುಮಾರು 1ರಿಂದ 1.67ರೊಳಗೆ ಎಲ್ಲಿಯೂ ಇರಬಹುದು. ಆ ಮೂವತ್ತೂ ಒಂದೇ ಬೆಳಿಗ್ಗೆ, ಹೊಸ ಇನ್ಸರ್ಟ್ ಹಾಕಿದ ಮೊದಲ ಗಂಟೆಯಲ್ಲಿ ತೆಗೆದವಾದರೆ ಸರಾಸರಿ ಇನ್ನೂ ಸರಿದೇ ಇರುವುದಿಲ್ಲ. ಹಾಗಾಗಿ ಎರಡು ಮೂರು ಇನ್ಸರ್ಟಿನ ಆಯುಷ್ಯ ಮುಗಿಯುವಷ್ಟು ಕಾಲ, ಎರಡೂ ಶಿಫ್ಟಿನಿಂದ, ನೂರಕ್ಕೂ ಹೆಚ್ಚು ಪಿನ್ ಆರಿಸಿ ಅಳೆದ ವರದಿಯನ್ನು ಕೇಳಿ ಪಡೆದು, ಆ ಸಿಪಿಕೆ ನೋಡಿ ಆರ್ಡರಿಗೆ ಸಹಿ ಹಾಕುತ್ತೇನೆ.